ನಮ್ಮೂರಾಗ ಬೋರ್ಡೇ ಮನೆ ನಂಬರು

ಖಂಡೇನವಮಿ ದಿನ ಹುಬ್ಬಳ್ಳಿ ಕೇಶ್ವಾಪುರದ ನನ್ನ ಮಾವನ ಮಗ ಹೊಸ ಸ್ಕೂಟರಿನ ಫೋಟೊ ಹಾಕಿದ್ದ. ಚೆಂಡುಹೂವಿನ ಮಾಲಿ, ಗಾಲಿ ಕೆಳಗ ನಿಂಬೆಹಣ್ಣು, ಎಲ್ಲಾ ಚಂದ. ನಂಬರ್ ಪ್ಲೇಟಿಗೂ ಗೇಟಿನ ಮನೆ ನಂಬರಿಗೂ ಚೌಕ ಚೌಕದ ಮಸುಕು, ಅಂದರೆ ಮೊಸಾಯಿಕ್ ಹಚ್ಚಿದ್ದ. ಹಿಂದಿನ ಕಿರಾಣಿ ಅಂಗಡಿಯ ಬೋರ್ಡು ಮಾತ್ರ ನಿಚ್ಚಳ: ಹೆಸರು, ಯಾವ ಗುಡಿಯ ಎದುರು, ಮೊಬೈಲ್ ನಂಬರು.

ನಾನಿರುವ ಜರ್ಮನಿಯಲ್ಲಿ 2010ರಲ್ಲಿ ಬೀದಿಬೀದಿಯ ಫೋಟೊ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಬರುವಾಗ 2,44,000ಕ್ಕೂ ಹೆಚ್ಚು ಮನೆಯವರು ತಮ್ಮ ಮನೆಯನ್ನೇ ಮಸುಕು ಮಾಡಿರೆಂದು ಅರ್ಜಿ ಹಾಕಿದ್ದರು. ಇಲ್ಲಿ ಬೀದಿ ಹೆಸರು, ಮನೆ ನಂಬರು ಇದ್ದರೆ ಬಾಗಿಲಿಗೇ ಬರಬಹುದು. ಹುಬ್ಬಳ್ಳಿಯಲ್ಲಿ ಮನೆ ನಂಬರು ಹಿಡಿದು ಹೊರಟರೆ ಸಂಜೆತನಕ ಅಡ್ಡಾಡಬೇಕು. ‘ಗುಡಿ ಹಿಂದ, ಗಿರಣಿ ಬಾಜೂಕ’ ಅಂದರೆ ಮಾತ್ರ ಮನೆ ಸಿಗುತ್ತದೆ. ಆ ಲೆಕ್ಕಕ್ಕೆ ನಮ್ಮಲ್ಲಿ ಮೊದಲು ಮುಚ್ಚಬೇಕಾದದ್ದು ಬೋರ್ಡು. ಮಾವನ ಮಗ ಜರ್ಮನ್ ಪದ್ಧತಿ ಪಾಲಿಸಿ ಹುಬ್ಬಳ್ಳಿ ವಿಳಾಸ ಕೊಟ್ಟಿದ್ದ!

“ಅಣ್ಣಾ, ಪ್ಲೇಟ್ ಅಂತೂ ಮುಚ್ಚೇನಲ್ಲಾ” ಅಂದ. ಅದೂ ಪೂರಾ ಮುಚ್ಚಿರಲಿಲ್ಲ. ಮೊಸಾಯಿಕಿನ ಒಂದೊಂದು ಚೌಕವೂ ಅದರಡಿಯ ಬಣ್ಣಗಳ ಸರಾಸರಿ, ಅಂದರೆ ಅಂಕಿಯ ನೆರಳು ಅಲ್ಲೇ ಉಳಿದಿರುತ್ತದೆ. ಹುಬ್ಬಳ್ಳಿ ಗಾಡಿ ಎಂದ ಮೇಲೆ KA 63 ಎಂದು ಊಹಿಸುವುದು ಕಷ್ಟವಲ್ಲ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಬರುವ ಎಚ್‌ಎಸ್‌ಆರ್‌ಪಿ ಪ್ಲೇಟಿನಲ್ಲಿ ಅಕ್ಷರಗಳ ಅಚ್ಚೂ ಒಂದೇ. ಸೊನ್ನೆಯಿಂದ ಒಂಬತ್ತರವರೆಗೆ ಅದೇ ಅಚ್ಚಿನಲ್ಲಿ, ಅದೇ ಅಳತೆಯಲ್ಲಿ ಬರೆದು, ಅದೇ ಚೌಕದಿಂದ ಮಸುಕು ಮಾಡಿ ಪಕ್ಕಕ್ಕಿಟ್ಟು ಹೋಲಿಸಿದರಾಯಿತು. ನಾಲ್ಕು ಅಂಕಿಗೆ ಹತ್ತು ಸಾವಿರ ಸಾಧ್ಯತೆ ನಿಜ, ಆದರೆ ಒಂದೊಂದೇ ಅಂಕಿ ನೋಡಿದರೆ ನಲವತ್ತೇ ಹೋಲಿಕೆ. ಅವನನ್ನು ಕೇಳಿಯೇ ಮಾಡಿ ನೋಡಿದೆ. ಮೂರು ಅಂಕಿ ಸರಿ ಬಂದವು, ಒಂದು ಮಾತ್ರ 3ಕ್ಕೂ 8ಕ್ಕೂ ನಡುವೆ ನಿಂತಿತು. ಚೌಕ ಅಂಕಿಗಿಂತ ದೊಡ್ಡದಿದ್ದರೆ, ಪ್ಲೇಟು ಓರೆಯಾಗಿದ್ದರೆ ಈ ಆಟ ನಡೆಯುವುದಿಲ್ಲ. ಆದರೆ ಅದನ್ನು ನಂಬಿ ಕೂಡುವುದೇಕೆ? ಒಂದೇ ಬಣ್ಣದ ಗಟ್ಟಿ ಚೌಕ ಇಟ್ಟರೆ ಅಡಿಯಲ್ಲಿ ಏನೂ ಉಳಿಯುವುದಿಲ್ಲ.

ಅವನು ಆಮೇಲೆ ಫೋನಿನ ಮಾರ್ಕರ್ ಪೆನ್ನಿನಿಂದ ಕಪ್ಪು ಗೀಚಿ ಕಳಿಸಿದ. ಆ ಫೋಟೊದ ಬೆಳಕು ಪೂರ್ತಿ ಏರಿಸಿದೆ, ಅಂಕಿಗಳು ಮತ್ತೆ ಎದ್ದು ಬಂದವು. ಆ ಪೆನ್ನಿನ ಬಣ್ಣ ಅರೆಪಾರದರ್ಶಕ, ಕಣ್ಣಿಗಷ್ಟೇ ಕಪ್ಪು. ಹಂಚುವ ಮುನ್ನ ಹೀಗೆ ಬೆಳಕು ಏರಿಸಿ ನೋಡುವುದು ಅರ್ಧ ನಿಮಿಷದ ಕೆಲಸ.

ಮೂರನೇ ಸಲ ಗಟ್ಟಿ ಚೌಕ ಇಟ್ಟು, ಬೋರ್ಡನ್ನು ಕತ್ತರಿಸಿ ಹಾಕಿದ. ಮರುದಿನ ಅಂಗಡಿ ಕಾಕಾ ತಕರಾರು ತೆಗೆದರಂತೆ: “ನಮ್ಮ ಬೋರ್ಡ್ ಯಾಕ ತೆಗದಿ? ಮಂದಿ ನೋಡ್ಲಿ ಅಂತನ ಹಾಕೇನಿ.” ಅವರದೂ ಸರಿ. ಮಾವನ ಮಗ ಈಗ ಅಂಗಡಿಯದೇ ಬೇರೆ ಫೋಟೊ ತೆಗೆದು ಹಾಕಿದ್ದಾನೆ, ಕಾಕಾ ಗಲ್ಲಾದ ಮೇಲೆ ನಗುತ್ತಾ ಕೂತಿದ್ದಾರೆ, ಸ್ಕೂಟರ್ ಎಲ್ಲೂ ಇಲ್ಲ.