ಹಾವಿನ ಕಾಲು, ಟ್ಯಾಂಕರ್ ಬಿಲ್ಲು

ಬೆಳಗ್ಗೆ ಎದ್ದ ಕೂಡಲೇ ಫೋನ್ ಮುಟ್ಟಬೇಡಿ ಅಂತ ಮನೆಯವಳು ಹೇಳುತ್ತಲೇ ಇರುತ್ತಾಳೆ. ಮುಟ್ಟಿದೆ, ಅನುಭವಿಸಿದೆ.

ನಿನ್ನೆ ರಾತ್ರಿ ನಮ್ಮ ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ ಒಂದು ಪ್ರಶ್ನೆ ಹಾಕಿದ್ದೆ. "ಸಾರ್, ಮೂರು ತಿಂಗಳ ನೀರಿನ ಟ್ಯಾಂಕರ್ ಬಿಲ್ಲುಗಳನ್ನ ಒಂದೊಂದಾಗಿ ಹಾಕ್ತೀರಾ?" ಅಷ್ಟೇ. ಬೆಳಗ್ಗೆ ನೋಡಿದರೆ ಕಾರ್ಯದರ್ಶಿಗಳು ಉತ್ತರವಾಗಿ ಒಂದು ಫಾರ್ವರ್ಡ್ ಬಿಟ್ಟಿದ್ದಾರೆ. ಹಿಂದೆ ಬಿದಿರು ಮೆಳೆ, ಮುಂದೆ ಬಿಳಿ ಗಡ್ಡದ ಅಜ್ಜ, ಮೇಲೆ ಗುಲಾಬಿ ಅಕ್ಷರ: "ಹಾವಿಗೆ ಕಾಲು ಬರೆಯಲು ಹೋದವನು ಕೈಯಲ್ಲಿದ್ದ ಬಟ್ಟಲನ್ನೂ ಕಳೆದುಕೊಂಡ. ಅತಿ ಆಸೆ ಗತಿ ಕೇಡು. ಕನ್ಫ್ಯೂಷಿಯಸ್." ಕೆಳಗೆ ಹನ್ನೊಂದು ಜನರ ಕೈಮುಗಿತ.

ಚೀನಾದ ಗುವಾಂಗ್‌ಝೌದಲ್ಲಿ ನಾನು ಗ್ರಾನೈಟ್ ಮಾರಿಕೊಂಡಿದ್ದ ಆರು ವರ್ಷದ ಪುರಾಣ ಕೇಳಿ ನಿಮಗೆಲ್ಲ ಸಾಕಾಗಿದೆ ಅಂತ ಗೊತ್ತು. ಇವತ್ತೊಂದು ದಿನ ಸಹಿಸಿಕೊಳ್ಳಿ.

ಮೊದಲು ಕನ್ಫ್ಯೂಷಿಯಸ್ ವಿಷಯ. ಆ ಮಹಾನುಭಾವ ತೀರಿಕೊಂಡದ್ದು ಕ್ರಿ.ಪೂ. 479ರಲ್ಲಿ. ಈ ಕತೆಯನ್ನು ಹೇಳಿದ ಸಂದರ್ಭ ಕ್ರಿ.ಪೂ. 323ರದ್ದು. ಸತ್ತು ನೂರೈವತ್ತು ವರ್ಷ ಕಳೆದರೂ ಪಾಪ, ಅವರಿಗೆ ಬಿಡುವಿಲ್ಲ.

ಚೀನೀ ಭಾಷೆಯಲ್ಲಿ ಇದು ನಾಲ್ಕೇ ಅಕ್ಷರ. ಹ್ವಾ ಶ ಥ್ಯನ್ ತ್ಸು. ಬರೆ, ಹಾವು, ಸೇರಿಸು, ಕಾಲು. ಮಧ್ಯೆ ವಿಭಕ್ತಿಯಿಲ್ಲ, ಕಾಲ ಇಲ್ಲ, ಯಾರು ಬರೆದರು ಅಂತಲೂ ಇಲ್ಲ. ಇಂಥ ನುಡಿಗಟ್ಟಿಗೆ ಅಲ್ಲಿ ಛೆಂಗ್‌ಯು ಅನ್ನುತ್ತಾರೆ. ನಾವು "ಭಗೀರಥ ಪ್ರಯತ್ನ" ಅಂದುಬಿಟ್ಟರೆ ಗಂಗೆ, ಶಿವನ ಜಟೆ ಎಲ್ಲ ತಾನಾಗಿ ಹಿಂದೆ ಬರುತ್ತದಲ್ವಾ, ಹಾಗೆ. ಎಲ್ಲ ಛೆಂಗ್‌ಯುಗಳ ಹಿಂದೆಯೂ ಕತೆ ಇರುವುದಿಲ್ಲ. ಎಷ್ಟೋ ಬರೀ ಹಳೆಯ ಪುಸ್ತಕಗಳ ಮಾತಿನ ತುಣುಕುಗಳು. ಇದರ ಹಿಂದೆ ಮಾತ್ರ ಒಂದಲ್ಲ, ಎರಡು ಕತೆ ಇವೆ. ಫಾರ್ವರ್ಡ್ ಮಾಡುವವರು ಒಳಗಿನದನ್ನು ಇಟ್ಟುಕೊಂಡು ಹೊರಗಿನದನ್ನು ಎಸೆದಿದ್ದಾರೆ. ನನ್ನ ಉರಿ ಅಲ್ಲೇ.

ಒಳಗಿನದು ಹೀಗೆ. ಚು ರಾಜ್ಯದಲ್ಲಿ ಒಬ್ಬ ಯಜಮಾನ ಪೂಜೆ ಮುಗಿಸಿ ತನ್ನ ಪರಿವಾರದವರಿಗೆ ಒಂದು ಬಟ್ಟಲು ಮದ್ಯ ಕೊಟ್ಟ. ಎಲ್ಲರೂ ಕುಡಿದರೆ ಸಾಲದು, ಒಬ್ಬನೇ ಕುಡಿದರೆ ಮಿಕ್ಕುತ್ತದೆ. ಸರಿ, ನೆಲದ ಮೇಲೆ ಹಾವು ಬರೆಯೋಣ, ಮೊದಲು ಮುಗಿಸಿದವನಿಗೆ ಬಟ್ಟಲು ಅಂತ ಮಾತಾಯಿತು. ಒಬ್ಬ ಮುಗಿಸಿಯೇಬಿಟ್ಟ. ಬಟ್ಟಲನ್ನು ಹತ್ತಿರ ಎಳೆದುಕೊಂಡ. ಕುಡಿಯುವುದು ಬಿಟ್ಟು ಎಡಗೈಯಲ್ಲಿ ಬಟ್ಟಲು ಹಿಡಿದು, ಬಲಗೈಯಲ್ಲಿ ಬರೆಯುತ್ತಾ, "ಇದಕ್ಕೆ ನಾನು ಕಾಲೂ ಬರೀಬಲ್ಲೆ" ಅಂದ. ಕಾಲು ಮುಗಿಯುವ ಮೊದಲೇ ಇನ್ನೊಬ್ಬನ ಹಾವು ಮುಗಿಯಿತು. ಅವನು ಬಟ್ಟಲು ಕಿತ್ತುಕೊಂಡು, "ಹಾವಿಗೆ ಕಾಲೇ ಇಲ್ಲ, ನೀನು ಎಲ್ಲಿಂದ ತಂದು ಬರೀತೀಯ?" ಅಂತ ಗಟಗಟ ಕುಡಿದುಬಿಟ್ಟ.

ಇದರಲ್ಲಿ ಅತಿ ಆಸೆ ಎಲ್ಲಿದೆ ಸ್ವಾಮೀ? ಅವನು ಎರಡನೇ ಬಟ್ಟಲು ಕೇಳಲಿಲ್ಲ. ಗೆದ್ದಾಗಿತ್ತು. ಕೈ ಸುಮ್ಮನಿರಲಿಲ್ಲ, ಅಷ್ಟೇ. ಅತಿ ಆಸೆ ಬೇರೆ, ಅಧಿಕಪ್ರಸಂಗ ಬೇರೆ.

ಈಗ ಹೊರಗಿನ ಕತೆ. ಇದು 'ಝಾನ್‌ಗುವೊ ಥ್ಸ' ಅನ್ನುವ ಪುಸ್ತಕದಲ್ಲಿದೆ. ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಕಾಲದ ರಾಯಭಾರಿಗಳ ಮಾತು, ತಂತ್ರಗಳನ್ನು ಆಮೇಲಿನ ಹಾನ್ ರಾಜವಂಶದ ಕಾಲದಲ್ಲಿ ಲಿಯು ಶಿಯಾಂಗ್ ಅನ್ನುವವನು ಜೋಡಿಸಿಟ್ಟ ಪುಸ್ತಕ. ಚು ರಾಜ್ಯದ ಸೇನಾಪತಿ ಝಾವೊ ಯಾಂಗ್ ವೇ ರಾಜ್ಯದ ಸೈನ್ಯವನ್ನು ಸೋಲಿಸಿ ಎಂಟು ಊರು ಹಿಡಿದಿದ್ದ. ಅದೇ ಹುಮ್ಮಸ್ಸಿನಲ್ಲಿ ಛಿ ರಾಜ್ಯದ ಕಡೆ ತಿರುಗಿದ. ಆಗ ಛಿ ರಾಜನ ಪರವಾಗಿ ಚೆನ್ ಝೆನ್ ಅನ್ನುವವನು ಬಂದು ಎರಡು ಸಲ ಅಡ್ಡಬಿದ್ದು ಗೆಲುವಿಗೆ ಅಭಿನಂದನೆ ಹೇಳಿದ. ಆಮೇಲೆ ಮೆಲ್ಲಗೆ ಕೇಳಿದ: ನಿಮ್ಮ ಚು ರಾಜ್ಯದಲ್ಲಿ ಶತ್ರು ಸೇನೆ ಮುರಿದು ಸೇನಾಪತಿಯನ್ನು ಕೊಂದವನಿಗೆ ಯಾವ ಪದವಿ ಕೊಡುತ್ತಾರೆ? ಝಾವೊ ಯಾಂಗ್ ಹೇಳಿದ. ಅದಕ್ಕಿಂತ ದೊಡ್ಡದು? ಲಿಂಗ್‌ಯಿನ್ ಒಂದೇ. ಅಂದರೆ ಪ್ರಧಾನಿ ಇದ್ದ ಹಾಗೆ. ಚೆನ್ ಝೆನ್ ಅಂದ: ರಾಜ ಇಬ್ಬರು ಲಿಂಗ್‌ಯಿನ್‌ಗಳನ್ನು ಇಟ್ಟುಕೊಳ್ಳುವುದಿಲ್ಲವಲ್ಲ. ಒಂದು ಕತೆ ಹೇಳಲಾ?

ಹಾವಿನ ಕತೆ ಬಂದದ್ದು ಆಗ. ಹೇಳಿ ಮುಗಿಸಿ, ನಿಮಗೆ ಸಿಗಬೇಕಾದ ಹೆಸರು ಸಿಕ್ಕಾಗಿದೆ, ಛಿ ಗೆದ್ದರೂ ಮೇಲೆ ಹತ್ತಲು ಮೆಟ್ಟಿಲಿಲ್ಲ, ನಿಲ್ಲಿಸುವುದು ಗೊತ್ತಿಲ್ಲದವನು ಸತ್ತು ಅವನ ಪದವಿ ಹಿಂದೆ ಬಂದವನ ಪಾಲಾಗುತ್ತದೆ ಅಂದ. ಝಾವೊ ಯಾಂಗ್ ಹೌದೆಂದು ಸೈನ್ಯ ಕಟ್ಟಿಕೊಂಡು ವಾಪಸ್ ಹೋದ.

ನೋಡಿದಿರಾ? ಬುದ್ಧಿವಾದ ಹೇಳಿದವನು ಏಟು ತಿನ್ನಲಿದ್ದ ಪಕ್ಷದವನು! "ಸಾಕು, ನಿಲ್ಲಿಸಿ" ಅನ್ನುವುದರಲ್ಲಿ ಅವನ ಇಡೀ ರಾಜ್ಯದ ಲಾಭ ಇತ್ತು. ಮಾತು ಸುಳ್ಳಲ್ಲ, ಲೆಕ್ಕ ಸರಿಯಾಗೇ ಇದೆ. ಆದರೆ ಯಾರ ಬಾಯಿಂದ ಬಂತು, ಯಾರ ಕಿವಿಗೆ ಬಿತ್ತು ಅನ್ನುವುದನ್ನು ತೆಗೆದುಬಿಟ್ಟರೆ ಉಳಿಯುವುದು ಬಿದಿರು ಮೆಳೆ, ಗಡ್ಡದ ಅಜ್ಜ.

ಇದೊಂದೇ ಅಲ್ಲ. ಅದೇ ಪುಸ್ತಕದಲ್ಲಿ ಹಕ್ಕಿ ಮತ್ತು ಚಿಪ್ಪುಮೀನಿನ ಕತೆ ಇದೆ. ಚಿಪ್ಪು ಹಕ್ಕಿಯ ಕೊಕ್ಕು ಕಚ್ಚಿಕೊಂಡು ಬಿಡುವುದಿಲ್ಲ, ಹಕ್ಕಿಯೂ ಬಿಡುವುದಿಲ್ಲ, ಬೆಸ್ತ ಬಂದು ಎರಡನ್ನೂ ಹಿಡಿಯುತ್ತಾನೆ. ಇದನ್ನೂ "ಜಗಳ ಒಳ್ಳೆಯದಲ್ಲ ಮಕ್ಕಳೇ" ಅಂತ ಹಂಚುತ್ತಾರೆ. ಹೇಳಿದವನು ಸು ದಾಯ್, ಯೆನ್ ರಾಜ್ಯದ ಪರವಾಗಿ. ಕೇಳಿದವನು ಯೆನ್ ಮೇಲೆ ದಂಡೆತ್ತಲು ಹೊರಟಿದ್ದ ಝಾವೊ ರಾಜ್ಯದ ದೊರೆ. ಬೆಸ್ತ ಅಂದರೆ ಪಕ್ಕದಲ್ಲಿ ಕಾಯುತ್ತಾ ಕೂತಿದ್ದ ಛಿನ್ ರಾಜ್ಯ. ಆ ದಂಡಯಾತ್ರೆಯೂ ನಿಂತಿತು.

ಇದನ್ನೆಲ್ಲ ಗ್ರೂಪ್‌ನಲ್ಲೇ ಬರೆದೆ, ಹೌದು, ನನಗೂ ನಾಚಿಕೆ ಇಲ್ಲ. ಮೂರನೇ ಮಹಡಿಯ ಮೇಷ್ಟ್ರು, "ಕತೆಯಲ್ಲಿ ನೀತಿ ಇದ್ದರೆ ಸಾಕಲ್ವಾ ಸಾರ್, ಯಾರು ಹೇಳಿದರೆ ನಮಗೇನು? ಚೀನಾದವರಿಗೇ ಆ ಸೇನಾಪತಿ ನೆನಪಿದ್ದಾನಾ?" ಅಂದರು. ಮಾತು ಪೂರ್ತಿ ತಪ್ಪಲ್ಲ. ಅಲ್ಲಿ ಮಕ್ಕಳ ಕತೆಪುಸ್ತಕದಲ್ಲೂ ಸಾಮಾನ್ಯವಾಗಿ ಬರೀ ಹಾವೇ ಇರುತ್ತದೆ. ಆದರೆ ಮೇಷ್ಟ್ರೇ, ನಮ್ಮ ಪಂಚತಂತ್ರದಲ್ಲಿ ದಮನಕ ಸಿಂಹಕ್ಕೆ ಕತೆ ಹೇಳುವಾಗ "ಆಹಾ ಎಂಥ ನೀತಿ" ಅಂತ ಕೈಮುಗಿಯುತ್ತೀರಾ, ಅಥವಾ ಈ ನರಿಗೆ ಏನು ಬೇಕಾಗಿದೆ ಅಂತ ನೋಡುತ್ತೀರಾ? ಉತ್ತರ ಬಂದಿಲ್ಲ. ನೀಲಿ ಟಿಕ್ ಬಿದ್ದಿದೆ.

ಇನ್ನೊಂದು ಒಪ್ಪಿಕೊಂಡುಬಿಡುತ್ತೇನೆ. ಈ ನಾಲ್ಕು ಅಕ್ಷರ ನಾನು ಕಲಿತದ್ದು ಪುಸ್ತಕದಿಂದಲ್ಲ. ಒಮ್ಮೆ ಒಬ್ಬ ಗಿರಾಕಿ ಕಪ್ಪು ಗ್ರಾನೈಟಿಗೆ ರೇಟು ಕೇಳಿದ್ದ. ಒಂದು ಪುಟದಲ್ಲಿ ಮುಗಿಯುವ ಕೊಟೇಶನ್. ಬಾಯಿ ಮಾತಲ್ಲಿ ಅವನು ಒಪ್ಪಿಯೂ ಆಗಿತ್ತು. ನಾನು ಜಾಣ, ನಮ್ಮಲ್ಲಿ ಇನ್ನೂ ಏನೇನಿದೆ ಗೊತ್ತಾ ಅಂತ ಎರಡು ಪುಟ ಸೇರಿಸಿದೆ. ಮೂರನೇ ಪುಟದಲ್ಲಿ ಎರಡನೇ ದರ್ಜೆ ಕಲ್ಲಿನ ರೇಟು ಇತ್ತು. ಅವನು ಅದನ್ನೇ ಹಿಡಿದುಕೊಂಡು ಮೂರು ವಾರ ಚೌಕಾಸಿ ಮಾಡಿ ಕೊನೆಗೆ ಬೇರೆ ಕಡೆ ಹೋದ. ಕಚೇರಿಯ ಹಿರಿಯರೊಬ್ಬರು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಕಡೆ ನೋಡದೆ, ನೂಡಲ್ಸ್ ಬಟ್ಟಲಿನ ಕಡೆ ನೋಡುತ್ತಾ ಹೇಳಿದರು, "ಹ್ವಾ ಶ ಥ್ಯನ್ ತ್ಸು." ಟೇಬಲ್ ಸುತ್ತ ಎಲ್ಲರೂ ನಕ್ಕರು. ಅರ್ಥವಾಗದೆ ನಾನೂ ನಕ್ಕೆ. ಸಂಜೆ ರೂಮಿಗೆ ಹೋಗಿ ನಿಘಂಟು ತೆಗೆದ ಮೇಲೆ ಕಿವಿ ಬಿಸಿಯಾಯಿತು.

ಹಾಗೆ ನೋಡಿದರೆ ನಮ್ಮ ಕಾರ್ಯದರ್ಶಿಗಳೇ ಇದನ್ನು ಸರಿಯಾಗಿ ಬಳಸಿದ್ದು ಅಂತ ಈಗ ಬರೆಯುತ್ತಾ ಹೊಳೆಯುತ್ತಿದೆ. ಹೆಸರು ತಪ್ಪು, ಅರ್ಥ ತಪ್ಪು, ಗಡ್ಡದ ಅಜ್ಜ ಯಾರೋ ಗೊತ್ತಿಲ್ಲ. ಆದರೆ ಮುಂದೆ ಬರುತ್ತಿರುವವನನ್ನು ಕತೆ ಹೇಳಿ ವಾಪಸ್ ಕಳಿಸುವ ಕೆಲಸ ಥೇಟ್ ಚೆನ್ ಝೆನ್‌ದೇ. ಭೇಷ್ ಸಾರ್.

ನಾನು ಮಾತ್ರ ಝಾವೊ ಯಾಂಗ್ ಅಲ್ಲ. ಬಟ್ಟಲು ಇನ್ನೂ ನನ್ನ ಕೈಗೆ ಬಂದೇ ಇಲ್ಲ. ಮೂರು ತಿಂಗಳ ಬಿಲ್ಲು ಹಾಕಿ.