ಅರವತ್ತೈದು ರೂಪಾಯಿಗೆ ಎರಡು ಪುಟದ ಅರ್ಜಿ

ಕಂತು ತಪ್ಪಿದವರು ಬ್ಯಾಂಕಿಗೆ ಬರೆಯುವ ಪತ್ರ ಸಾಮಾನ್ಯವಾಗಿ ಎರಡು ಪುಟ ಇರುತ್ತದೆ. ಮೊದಲ ಪುಟದಲ್ಲಿ ಅತ್ತೆಯ ಮಂಡಿನೋವು, ಮಗಳ ಸ್ಕೂಲ್ ಫೀಸು, ಏರಿದ ಬಾಡಿಗೆ. ಎರಡನೆಯದರಲ್ಲಿ ತಾವು ದೊಡ್ಡ ಮನಸ್ಸು ಮಾಡಬೇಕೆಂಬ ಸವಿನಯ ಪ್ರಾರ್ಥನೆ. ಸಾಲದ ಖಾತೆ ನಂಬರು ಮಾತ್ರ ಎಲ್ಲೂ ಇರುವುದಿಲ್ಲ. ಮ್ಯಾನೇಜರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ "ಯಾವ ಲೋನು ಸಾರ್ ಇದು?" ಅಂದಲ್ಲಿಗೆ ಕರುಣರಸ ಮುಗಿಯಿತು.

ಅದಕ್ಕಿಂತ ದೊಡ್ಡ ಎಡವಟ್ಟು ಲೆಕ್ಕದ್ದು. ಒಂದು ಪರ್ಸನಲ್ ಲೋನ್ ಹಿಡಿಯಿರಿ. ಕಂತು 14,200 ರೂಪಾಯಿ, ಪ್ರತಿ ತಿಂಗಳ 5ಕ್ಕೆ ಸಂಬಳದ ಖಾತೆಯಿಂದ ಮುರಿದುಕೊಳ್ಳುವಂತೆ ಮ್ಯಾಂಡೇಟ್ ಕೊಟ್ಟಿದೆ. ತಿಂಗಳ ಕೊನೆಗೆ ಬರುತ್ತಿದ್ದ ಸಂಬಳ ಈ ಸಲ ಜೂನ್ 12ಕ್ಕೆ ಬಂತು. ಅದೇ ದಿನ ಕಂತು ಕಟ್ಟಿದ್ದಾಯಿತು. ತಡ ಏಳು ದಿನ. ದಂಡ ವರ್ಷಕ್ಕೆ ಶೇ. 24 ಎಂದು ಒಪ್ಪಂದದಲ್ಲಿದ್ದರೆ, 14,200ಕ್ಕೆ ಏಳು ದಿನದ ದಂಡ 65 ರೂಪಾಯಿ ಚಿಲ್ಲರೆ. ಅತ್ತೆಯ ಮಂಡಿಯನ್ನು ಒತ್ತೆ ಇಟ್ಟು ಮನ್ನಾ ಕೇಳಿದ್ದು ಈ ಅರವತ್ತೈದು ರೂಪಾಯಿಗೆ!

ನಿಜವಾಗಿ ಜೇಬು ಕತ್ತರಿಸಿದವರು ಬೇರೆ ಇಬ್ಬರಿದ್ದಾರೆ. ಮ್ಯಾಂಡೇಟ್ ಬೌನ್ಸ್ ಆಯಿತೆಂದು ಸಾಲ ಕೊಟ್ಟ ಬ್ಯಾಂಕ್ ಹಾಕಿದ ಶುಲ್ಕ 500 ಅಂತಿಟ್ಟುಕೊಳ್ಳಿ. ಖಾತೆಯಲ್ಲಿ ದುಡ್ಡಿಲ್ಲದೆ ವಾಪಸ್ ಕಳಿಸಬೇಕಾಯಿತೆಂದು ಸಂಬಳದ ಖಾತೆಯಿರುವ ಬ್ಯಾಂಕ್ ಹಾಕಿದ್ದು 300. ಒಟ್ಟು 865ರಲ್ಲಿ ದಂಡಬಡ್ಡಿಯ ಪಾಲು ಹದಿಮೂರರಲ್ಲಿ ಒಂದು. "ದಂಡಬಡ್ಡಿ ಮನ್ನಾ ಮಾಡಿ" ಎಂದಷ್ಟೇ ಬರೆದರೆ ಬ್ಯಾಂಕ್ ಬಹಳ ಉದಾರವಾಗಿ 65 ರೂಪಾಯಿ ಬಿಟ್ಟು, ಉಳಿದ 500ರ ಸುದ್ದಿಗೇ ಬರುವುದಿಲ್ಲ. ಕೇಳದ್ದನ್ನು ಅವರೇಕೆ ಕೊಟ್ಟಾರು? ಇನ್ನು ಆ 300 ರೂಪಾಯಿ ಇನ್ನೊಂದು ಬ್ಯಾಂಕಿನದು, ಅಲ್ಲಿಗೆ ಬೇರೆ ಪತ್ರವೇ ಆಗಬೇಕು. ಒಂದೇ ಅರ್ಜಿಯಲ್ಲಿ ಇಬ್ಬರನ್ನೂ ಬೇಡಿಕೊಂಡರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಹೆಸರಿನ ವಿಷಯವೂ ಇದೆ. ಊರೆಲ್ಲ ಈಗಲೂ ದಂಡಬಡ್ಡಿ ಅಂತಲೇ ಅನ್ನುವುದು. ಆದರೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಅದನ್ನು ಬಡ್ಡಿಯಾಗಿ ಹಾಕುವಂತಿಲ್ಲ, ಶುಲ್ಕವಾಗಿ ಮಾತ್ರ ಹಾಕಬೇಕು ಎಂದಿತು. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವುದಕ್ಕೂ ತಡೆ ಬಿತ್ತು. ಹಾಗಾಗಿ ಸ್ಟೇಟ್‌ಮೆಂಟಿನಲ್ಲಿ ಅದು "ಪೀನಲ್ ಚಾರ್ಜ್" ಆಗಿರುತ್ತದೆ. ಪತ್ರದಲ್ಲೂ ಸ್ಟೇಟ್‌ಮೆಂಟಿನಲ್ಲಿ ಅಚ್ಚಾದ ಹೆಸರನ್ನೇ ಬರೆಯುವುದು ಕ್ಷೇಮ. ಇಲ್ಲದಿದ್ದರೆ "ನಾವು ದಂಡಬಡ್ಡಿ ಹಾಕಿಯೇ ಇಲ್ಲವಲ್ಲ" ಎಂಬ ಸತ್ಯವಾದ ಉತ್ತರ ಬರುತ್ತದೆ. ಆ ಪೀನಲ್ ಚಾರ್ಜಿನ ಬಾಲಕ್ಕೆ ಜಿಎಸ್‌ಟಿ ಅಂಟಿಕೊಂಡಿದ್ದರೆ ಅದನ್ನು ಮನ್ನಾ ಕೇಳಬೇಡಿ, ವಾಪಸ್ ಕೇಳಿ. ಅದಕ್ಕೆ ಜಿಎಸ್‌ಟಿ ಇಲ್ಲವೆಂದು 2025ರ ಜನವರಿಯಲ್ಲೇ ಸ್ಪಷ್ಟನೆ ಬಂದಿದೆ.

ಪತ್ರ ಇಷ್ಟಿದ್ದರೆ ಸಾಕು:

"ಗೆ, ಶಾಖಾ ವ್ಯವಸ್ಥಾಪಕರು. ವಿಷಯ: ಸಾಲದ ಖಾತೆ ಸಂಖ್ಯೆ (ಪೂರ್ತಿ) — ಬೌನ್ಸ್ ಶುಲ್ಕ ರೂ. 500 ಮತ್ತು ಪೀನಲ್ ಚಾರ್ಜ್ ರೂ. 65 ಮನ್ನಾ ಕೋರಿ. ಮಾನ್ಯರೇ, ಜೂನ್ 5ರ ಕಂತು ರೂ. 14,200 ಖಾತೆಯಲ್ಲಿ ಹಣ ಸಾಲದೆ ವಾಪಸಾಗಿದೆ. ಪ್ರತಿ ತಿಂಗಳ ಕೊನೆಯ ದಿನ ಜಮಾ ಆಗುವ ಸಂಬಳ ಈ ಬಾರಿ ಜೂನ್ 12ರಂದು ಜಮಾ ಆಯಿತು. ಅದೇ ದಿನ ಕಂತು ಕಟ್ಟಿದ್ದೇನೆ. ಇದಕ್ಕೆ ಮೊದಲು ಯಾವ ಕಂತೂ ತಪ್ಪಿಲ್ಲ. ಸಂಬಳದ ಖಾತೆಯ ಆರು ತಿಂಗಳ ಸ್ಟೇಟ್‌ಮೆಂಟ್ ಮತ್ತು ಕಂಪನಿಯ ಪತ್ರ ಲಗತ್ತಿಸಿದೆ. ಒಂದು ಬಾರಿಯ ರಿಯಾಯಿತಿಯಾಗಿ ಮೇಲಿನ ರೂ. 565ನ್ನು ಖಾತೆಗೆ ಹಿಂದಿರುಗಿಸಬೇಕಾಗಿ ಕೋರುತ್ತೇನೆ."

"ಒಂದು ಬಾರಿಯ" ಎಂಬ ಮಾತನ್ನು ಬಿಡಬೇಡಿ. ಮ್ಯಾನೇಜರಿಗೆ ಇರುವ ಭಯ 565 ರೂಪಾಯಿಯದಲ್ಲ, ಮುಂದಿನ ತಿಂಗಳು ನೀವೇ ಮತ್ತೆ ಬರುತ್ತೀರಿ ಎಂಬುದು.

ಲಗತ್ತುಗಳಲ್ಲಿ ಸಂಬಳದ ಚೀಟಿಯಿಂದ ಉಪಯೋಗ ಕಡಿಮೆ. ಅದರಲ್ಲಿ ಪಿಎಫ್ ಎಷ್ಟು ಮುರಿದರು ಅಂತಿರುತ್ತದೆ, ದುಡ್ಡು ಯಾವತ್ತು ಬಂತು ಅಂತಿರುವುದಿಲ್ಲ. ತಾರೀಕು ಹೇಳುವುದು ಸ್ಟೇಟ್‌ಮೆಂಟ್. ಆದರೆ ಅದು ಎಲ್ಲವನ್ನೂ ಹೇಳುತ್ತದೆ, ಅದೇ ತೊಂದರೆ. ಜೂನ್ 3ಕ್ಕೆ ಖಾತೆಯಲ್ಲಿ 16,000 ಇದ್ದು, 4ರ ರಾತ್ರಿ 11 ಗಂಟೆಗೆ ಆನ್‌ಲೈನ್ ಸೇಲಿನಲ್ಲಿ 3,400ರ ಶೂ ಕೊಂಡದ್ದು ಅಲ್ಲಿ ಅಚ್ಚಾಗಿದ್ದರೆ, ಕಂತು ತಪ್ಪಿಸಿದ್ದು ಸಂಬಳವಲ್ಲ, ಶೂ. ಕೊಡುವ ಮೊದಲು 1ರಿಂದ 5ರವರೆಗಿನ ಸಾಲುಗಳನ್ನು ನೀವೇ ಒಮ್ಮೆ ಓದಿಕೊಳ್ಳಿ. ಕಂಪನಿಯ ಪತ್ರದಲ್ಲಿ ಎಚ್‌ಆರ್‌ನವರು "ತಡ" ಎಂಬ ಶಬ್ದಕ್ಕೆ ಪ್ರಾಣ ಹೋದರೂ ಒಪ್ಪುವುದಿಲ್ಲ. "ಆಡಳಿತಾತ್ಮಕ ಕಾರಣಗಳಿಂದ ಮೇ ತಿಂಗಳ ವೇತನವನ್ನು ಜೂನ್ 12ರಂದು ಪಾವತಿಸಲಾಗಿದೆ" ಅಂದರೂ ನಡೆಯುತ್ತದೆ. ಬ್ಯಾಂಕಿಗೆ ಬೇಕಾದದ್ದು ತಾರೀಕು. 2019ರ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು ಎಂಬುದನ್ನು ಎಚ್‌ಆರ್‌ಗೆ ಮೆಲ್ಲಗೆ ನೆನಪಿಸಿದರೆ ಪತ್ರ ಬೇಗ ಬರುವುದೂ ಉಂಟು.

ಅರ್ಜಿ ಕೊಡುವ ಮೊದಲು ನೋಡಿಕೊಳ್ಳಬೇಕಾದ ಒಂದು ಹೊಂಡವಿದೆ. 12ರಂದು ಸರಿಯಾಗಿ 14,200 ಕಟ್ಟಿ ಕೈತೊಳೆದುಕೊಂಡಿರೋ, ಕೆಲವು ಒಪ್ಪಂದಗಳಲ್ಲಿ ಬ್ಯಾಂಕ್ ಮೊದಲು ಶುಲ್ಕ ಮುರಿದುಕೊಂಡು ಮಿಕ್ಕದ್ದನ್ನು ಕಂತಿಗೆ ಹಾಕುತ್ತದೆ. ಆಗ ಕಂತಿನಲ್ಲೇ 565 ಬಾಕಿ. ನೀವು ಮನ್ನಾದ ದಾರಿ ಕಾಯುತ್ತಾ ಕೂತಿರುತ್ತೀರಿ, ಅತ್ತ ಬಾಕಿಯ ದಿನಗಳು ಎಂಟು, ಒಂಬತ್ತು, ಹತ್ತು ಎಂದು ಏರುತ್ತಿರುತ್ತವೆ. ಅದು ಸಿಬಿಲ್‌ವರೆಗೂ ಹೋಗಬಹುದು. ಆದ್ದರಿಂದ "ಇವತ್ತಿಗೆ ಒಟ್ಟು ಓವರ್‌ಡ್ಯೂ ಎಷ್ಟು?" ಎಂದು ಕೇಳಿ ಅಷ್ಟನ್ನೂ ಕಟ್ಟಿ, ಆಮೇಲೆ ವಾಪಸ್ ಕೇಳುವುದೇ ವಾಸಿ. ಬೌನ್ಸ್ ಆದ ಮ್ಯಾಂಡೇಟನ್ನು ಮತ್ತೊಮ್ಮೆ ಕಳಿಸುತ್ತಾರೆಯೇ, ಯಾವತ್ತು ಎಂದೂ ಆಗಲೇ ಕೇಳಿ. ಸಂಬಳ ಬರುವ ಮೊದಲೇ ಎರಡನೇ ಸಲ ಬಂದು ಬಡಿದರೆ ಶುಲ್ಕವೂ ಎರಡನೇ ಸಲ.

ಕೌಂಟರಿನಲ್ಲಿ ಬರುವ ಮೊದಲ ಉತ್ತರ ಗೊತ್ತಿರುವುದೇ: "ನಾವು ಹಾಕಿದ್ದಲ್ಲ ಸಾರ್, ಸಿಸ್ಟಮ್ಮೇ ಹಾಕಿರೋದು." ಸಿಸ್ಟಮ್ ಅಂದರೆ ಬ್ಯಾಂಕಿನ ಕುಲದೇವರು. ವರ ಕೊಡುವುದಿಲ್ಲ, ಶಾಪ ಮಾತ್ರ ಕೊಡುತ್ತದೆ. "ರಿವರ್ಸ್ ಮಾಡೋ ಅಧಿಕಾರ ಯಾರ ಹತ್ರ ಇದೆ ಸಾರ್, ಇಲ್ಲೋ ಲೋನ್ ಸೆಂಟರಲ್ಲೋ?" ಎಂದು ಕೇಳಿದರೆ ಮಾತು ಮನುಷ್ಯರ ಕಡೆಗೆ ತಿರುಗುತ್ತದೆ. ಪತ್ರದ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಹೊರಡಬೇಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡುವಾಗ ಬೇಕಾಗುವುದು ಆ ಸೀಲೇ. ಆದರೆ ಮನ್ನಾ ಎಂಬುದು ಬ್ಯಾಂಕಿನ ಮರ್ಜಿ, ಅದನ್ನು ಒಂಬುಡ್ಸ್‌ಮನ್ ಕೊಡಿಸುತ್ತಾರೆಂದು ನಂಬಿ ಕೂರಬೇಡಿ. ಒಪ್ಪಂದದಲ್ಲಿ ಇಲ್ಲದ ಶುಲ್ಕ, ದಂಡದ ಮೇಲೆ ಬಡ್ಡಿ, ಎರಡೆರಡು ಸಲ ಹಾಕಿದ್ದು, ಇಂಥವಿದ್ದರೆ ಮಾತ್ರ ದೂರಿಗೆ ಕಾಲು ಇರುತ್ತದೆ.

ಕಂಪನಿಯ ಸಂಬಳ ಇನ್ನು ಮುಂದೆ 7ರ ಸುಮಾರಿಗೇ ಎಂದಾಗಿದ್ದರೆ, ಕಂತಿನ ತಾರೀಕನ್ನು 5ರಿಂದ 10ಕ್ಕೆ ಬದಲಿಸಲು ಬೇರೆ ಅರ್ಜಿ ಕೊಡಿ. ಹೊಸ ಮ್ಯಾಂಡೇಟಿಗೆ ಸಹಿ ಕೇಳಬಹುದು, ನಡುವಿನ ಐದು ದಿನದ ಬಡ್ಡಿಯನ್ನು ಒಂದು ಸಲ ಕಟ್ಟಿಸಿಕೊಳ್ಳುತ್ತಾರೆ. ನಾಲ್ಕು ಲಕ್ಷ ಬಾಕಿ, ಶೇ. 11 ಬಡ್ಡಿ ಇದ್ದರೆ ಅದು 603 ರೂಪಾಯಿ. ಇದಕ್ಕೆ ಮಾತ್ರ ಮನ್ನಾ ಅರ್ಜಿ ಬರೆಯಲು ಕೂರಬೇಡಿ, ಇದು ನಿಜವಾದ ಬಡ್ಡಿ.