ಒಂದೇ ಮೆಸೇಜ್, ಐದು ಸಲ

ಮೊನ್ನೆ ಶಿರಾಡಿ ಘಾಟಿಯಲ್ಲಿ ಬಸ್ಸಿನಿಂದ ಅತ್ತೆಗೆ ಮೆಸೇಜ್ ಕಳಿಸಿದೆ: "ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಗಾಬರಿ ಬೇಡ." ಅದು ಅವರಿಗೆ ಐದು ಸಲ ಹೋಗಿದೆ! ಗಾಬರಿ ಆಗದೆ ಇರುತ್ತದಾ? ಅತ್ತೆ ಅಳುತ್ತಲೇ ಫೋನ್ ಮಾಡಿದರು.

ಕೀ ಸಿಕ್ಕಿಕೊಂಡಿರಬೇಕು ಅಂದ ತಮ್ಮ. ಅಲ್ಲ. ಹಾಗಾಗಿದ್ದರೆ ಒಂದೇ ಮೆಸೇಜಿನಲ್ಲಿ "ಬೇಡಡಡಡ" ಅಂತ ಅಕ್ಷರ ಉದ್ದವಾಗುತ್ತಿತ್ತು. ನನ್ನ ಫೋನಿನಲ್ಲಿ ಮೆಸೇಜ್ ಇದ್ದದ್ದು ಒಂದೇ. ಅತ್ತೆಯ ಫೋನಿನಲ್ಲಿ ಐದು.

ಆಗಿದ್ದು ಇಷ್ಟು. ಮೊದಲ ಸಲವೇ ಮೆಸೇಜ್ ಸರ್ವರ್ ಮುಟ್ಟಿದೆ. "ಬಂತು" ಅನ್ನುವ ಉತ್ತರ ಮಾತ್ರ ಘಾಟಿಯ ಸಿಗ್ನಲ್ಲಿನಲ್ಲಿ ಕಳೆದುಹೋಗಿದೆ. ಉತ್ತರ ಬರಲಿಲ್ಲ ಅಂತ ಆ್ಯಪ್ ಮತ್ತೆ ಮತ್ತೆ ಕಳಿಸಿದೆ. ಮತ್ತೆ ಕಳಿಸಿದ್ದು ತಪ್ಪಲ್ಲ, ಕಳಿಸದಿದ್ದರೆ ಎಷ್ಟೋ ಮೆಸೇಜ್ ತಲುಪುವುದೇ ಇಲ್ಲ. ಆದರೆ ಪ್ರತಿ ಸಲವೂ ಅದನ್ನು ಹೊಸ ಮೆಸೇಜ್ ಅಂತ ಕಳಿಸಿದ್ದು ತಪ್ಪು.

ಕಳಿಸು ಒತ್ತಿದ ಕೂಡಲೇ ಫೋನೇ ಮೆಸೇಜಿಗೆ ಒಂದು ಗುರುತಿನ ಸಂಖ್ಯೆ ಕೊಡಬೇಕು. ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ ಇರಬೇಕು. ಆಗ ಸರ್ವರ್ "ಇದು ಆಗಲೇ ಬಂದಿದೆ" ಅಂತ ಎರಡನೆಯದನ್ನು ಬಿಟ್ಟು, ಬರೀ ಉತ್ತರ ಕಳಿಸುತ್ತದೆ. ಹಣ ಕಳಿಸುವ ಕಡೆ ಇದನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದಾರೆ. ಮೆಸೇಜಿಗೂ ಮಾಡಿ ಸ್ವಾಮಿ. ಅತ್ತೆಗೆ ಬಿಪಿ ಇದೆ.